ಸ್ವಿಚ್ ಆಫ್ ಮಾಡಿದ್ದ ಟಿವಿ ಹೋಯಿತು, ಓಡುತ್ತಿದ್ದ ಫ್ರಿಜ್ ಉಳಿಯಿತು: ಯಾಕೆ ಹೀಗೆ?

ಪ್ರಶ್ನೆ: ನಮ್ಮದು ಮಲೆನಾಡಿನ ಹಳ್ಳಿ ಮನೆ. ಮೊನ್ನೆ ಗುಡುಗು ಶುರುವಾಗುತ್ತಿದ್ದಂತೆ ಟಿವಿ, ರೌಟರ್ ಎರಡರ ಸ್ವಿಚ್ಚನ್ನೂ ಆಫ್ ಮಾಡಿದೆವು. ಫ್ರಿಜ್, ಫ್ಯಾನ್ ಓಡುತ್ತಿದ್ದವು. ಹತ್ತಿರದಲ್ಲೇ ಸಿಡಿಲು ಬಡಿಯಿತು. ಮಳೆ ನಿಂತ ಮೇಲೆ ನೋಡಿದರೆ ಆಫ್ ಮಾಡಿದ್ದವೇ ಸತ್ತಿದ್ದವು, ಓಡುತ್ತಿದ್ದವಕ್ಕೆ ಏನೂ ಆಗಿರಲಿಲ್ಲ. ಇಂಟರ್‌ನೆಟ್ ಕೇಬಲ್ ಕಂಬದಿಂದ ರೌಟರ್‌ಗೆ ಬರುತ್ತದೆ, ಅಲ್ಲಿಂದ ಟಿವಿಗೆ ಲ್ಯಾನ್ ಕೇಬಲ್ ಎಳೆದಿದ್ದೇವೆ. ಕರೆಂಟಿನಿಂದ ಬಂದದ್ದಾದರೆ ಎಲ್ಲವೂ ಹೋಗಬೇಕಿತ್ತಲ್ಲವೇ?

ಉತ್ತರ: ಈ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇದೆ. ಸತ್ತ ಎರಡೂ ಉಪಕರಣಗಳಿಗೆ ಎರಡು ಕಡೆಯಿಂದ ತಂತಿ ಬರುತ್ತಿತ್ತು: ಒಂದು ಕರೆಂಟಿನದು, ಇನ್ನೊಂದು ಡೇಟಾದ್ದು. ಉಳಿದ ಎರಡಕ್ಕೆ ಇದ್ದದ್ದು ಕರೆಂಟಿನ ತಂತಿ ಮಾತ್ರ.

ಮೊದಲು ಸ್ವಿಚ್ಚಿನ ವಿಷಯ. ಗೋಡೆಯ ಬೋರ್ಡಿನ ಸ್ವಿಚ್ಚು ಕತ್ತರಿಸುವುದು ಫೇಸ್ ತಂತಿಯನ್ನು ಮಾತ್ರ. ನ್ಯೂಟ್ರಲ್ ಮತ್ತು ಅರ್ಥ್ ನೇರವಾಗಿ ಪ್ಲಗ್ಗಿಗೆ ಹೋಗಿರುತ್ತವೆ. ಅಂದರೆ ಸ್ವಿಚ್ ಆಫ್ ಮಾಡಿದ ಟಿವಿಯೂ ನ್ಯೂಟ್ರಲ್ ಮೂಲಕ ರಸ್ತೆಯ ಲೈನಿಗೆ ಕೂಡಿಕೊಂಡೇ ಇತ್ತು. ಲೈನಿನ ಪಕ್ಕ ಎಲ್ಲೋ ಸಿಡಿಲು ಬಡಿದರೂ ಸಾಕು, ಕಂಬದ ತಂತಿಗಳಲ್ಲಿ ಒಮ್ಮೆಗೇ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದು ಫೇಸಿಗೂ ನ್ಯೂಟ್ರಲ್ಲಿಗೂ ಹೆಚ್ಚುಕಡಿಮೆ ಒಟ್ಟಿಗೇ ಏರುತ್ತದೆ.

ಫ್ರಿಜ್ ಉಳಿದದ್ದು ಈ ಕಾರಣಕ್ಕೇ. ತಂತಿಯ ಮೇಲೆ ಕೂತ ಹಕ್ಕಿಗೆ ಶಾಕ್ ಹೊಡೆಯದ ಹಾಗೆ, ಎರಡೂ ತಂತಿಗಳು ಒಟ್ಟಿಗೆ ಏರಿದರೆ ಅವುಗಳ ನಡುವೆ ಇರುವ ಮೋಟಾರಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಏಟು ಬೀಳುವುದು ಸುರುಳಿಗೂ ಲೋಹದ ಮೈಗೂ ನಡುವಿನ ಇನ್ಸುಲೇಷನ್ ಮೇಲೆ. ಸಾಮಾನ್ಯ ಕಂಪ್ರೆಸರ್ ಮತ್ತು ಹಳೆಯ ಫ್ಯಾನುಗಳಲ್ಲಿ ಅದು ದಪ್ಪವಾಗಿರುತ್ತದೆ, ಮೈಕ್ರೋಸೆಕೆಂಡುಗಳ ಏಟನ್ನು ಎಷ್ಟೋ ಸಲ ತಡೆದುಕೊಳ್ಳುತ್ತದೆ. ಇನ್ವರ್ಟರ್ ಫ್ರಿಜ್, ಬಿಎಲ್‌ಡಿಸಿ ಫ್ಯಾನುಗಳ ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುವುದರಿಂದ ಅವಕ್ಕೆ ಇಷ್ಟು ಗಟ್ಟಿತನ ಇಲ್ಲ.

ಈಗ ರೌಟರ್ ನೋಡೋಣ. ಲೆಕ್ಕಕ್ಕೆ ನಿಮ್ಮ ನ್ಯೂಟ್ರಲ್ 6000 ವೋಲ್ಟ್‌ಗೆ ಏರಿತು ಎಂದಿಟ್ಟುಕೊಳ್ಳಿ. ಇಂಟರ್‌ನೆಟ್ ಕೇಬಲ್ ತಾಮ್ರದ್ದಾದರೆ, ಅದರ ಇನ್ನೊಂದು ತುದಿ ಐವತ್ತು ಅರವತ್ತು ಮೀಟರ್ ಆಚೆ, ಬೇರೆ ಕಡೆಯಿಂದ ಕರೆಂಟ್ ಪಡೆದ ಕೇಬಲ್‌ನವರ ಪೆಟ್ಟಿಗೆಯಲ್ಲಿದೆ. ಅಲ್ಲಿ ಅದೇ ಕ್ಷಣದಲ್ಲಿ ವೋಲ್ಟೇಜ್ ಇಷ್ಟು ಏರಿರುವುದಿಲ್ಲ. ಹಾಗಾಗಿ ಆ ವ್ಯತ್ಯಾಸವೆಲ್ಲ ರೌಟರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಳುತ್ತದೆ. ನೆಟ್‌ವರ್ಕ್ ಪೋರ್ಟಿನ ಒಳಗಿರುವ ಪುಟ್ಟ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ನನ್ನು 1500 ವೋಲ್ಟ್‌ಗೆ ಪರೀಕ್ಷಿಸಿರುತ್ತಾರೆ. ಅದು ಸೀಳಿದ ಮೇಲೆ ಹಿಂದಿರುವ ಚಿಪ್ಪು ಕೆಲವೇ ವೋಲ್ಟಿನದು.

ಟಿವಿಯ ಕತೆಯೂ ಇದೇ. ಅದರ ಪವರ್ ಸಪ್ಲೈಯಲ್ಲಿ ಕರೆಂಟಿನ ಬದಿಗೂ ಒಳಗಿನ ಗ್ರೌಂಡಿಗೂ ನಡುವೆ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಎರಡು ಪಿನ್ನಿನ ಟಿವಿಯ ಹಿಂಭಾಗದ ಲೋಹ ಮುಟ್ಟಿದಾಗ ಸಣ್ಣಗೆ ಜುಮ್ಮೆನ್ನುವುದು ಇದರಿಂದಲೇ. ಸಿಡಿಲಿನ ವೇಗದ ಏಟಿಗೆ ಅದು ತೆರೆದ ಬಾಗಿಲಿದ್ದಂತೆ. ನ್ಯೂಟ್ರಲ್‌ನಿಂದ ಒಳಬಂದು ಲ್ಯಾನ್ ಪೋರ್ಟಿನಿಂದ ಹೊರಬಿದ್ದು, ರೌಟರ್ ದಾಟಿ ಕಂಬದ ಕಡೆ ಹೋಗಲು ದಾರಿ ಸಿಕ್ಕಿತು. ಡಿಟಿಎಚ್ ಇದ್ದಿದ್ದರೆ ಚಾವಣಿಯ ಡಿಶ್‌ನ ಕೇಬಲ್ ಇದೇ ಕೆಲಸ ಮಾಡುತ್ತಿತ್ತು, ಆಗ ಮೊದಲು ಹೋಗುವುದು ಸೆಟ್‌ಟಾಪ್ ಬಾಕ್ಸ್ ಮತ್ತು ಟಿವಿಯ ಎಚ್‌ಡಿಎಂಐ ಪೋರ್ಟ್.

ಏಟು ಯಾವ ದಾರಿಯಲ್ಲಿ ಬಂತೆಂದು ಸತ್ತ ಜಾಗ ನೋಡಿಯೇ ಸಾಕಷ್ಟು ಹೇಳಬಹುದು. ವೈಫೈ ಬರುತ್ತದೆ ಆದರೆ ಇಂಟರ್‌ನೆಟ್ ಪೋರ್ಟಿನ ದೀಪ ಹತ್ತುವುದಿಲ್ಲ ಎಂದರೆ ದಾರಿ ಡೇಟಾ ಕೇಬಲ್. ಒಂದು ಎಚ್‌ಡಿಎಂಐ ಸತ್ತು ಇನ್ನೊಂದು ಕೆಲಸ ಮಾಡುತ್ತಿದ್ದರೂ ಹಾಗೆಯೇ. ಪವರ್ ಬೋರ್ಡಿನ ಫ್ಯೂಸ್ ಹೋಗಿ, ಅದರ ಪಕ್ಕದಲ್ಲಿ ಅತಿ ವೋಲ್ಟೇಜನ್ನು ತಾನೇ ಹೀರಿಕೊಳ್ಳುವ ಬಿಲ್ಲೆಯಂಥ ವೇರಿಸ್ಟರ್ ಕಪ್ಪಾಗಿ ಸೀಳಿದ್ದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ವೋಲ್ಟೇಜ್ ಏರಿದೆ ಎಂದರ್ಥ.

ಈ ಕೊನೆಯ ಗುರುತು ಕಂಡರೆ ಸಿಡಿಲನ್ನಷ್ಟೇ ದೂರಿ ಸುಮ್ಮನಾಗಬೇಡಿ. ಗಾಳಿಗೆ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ಕಡಿದಿರಬಹುದು, ಅಪಾಯದಲ್ಲಿ ಅದು ಸಿಡಿಲಿಗಿಂತ ಕಡಿಮೆಯದಲ್ಲ. ನಿಮ್ಮ ಮನೆಯ ಸಿಂಗಲ್ ಫೇಸ್ ಸರ್ವೀಸ್ ತಂತಿಯ ನ್ಯೂಟ್ರಲ್ ಮಾತ್ರ ಕಡಿದರೆ ಮನೆ ಕತ್ತಲಾಗುತ್ತದೆ ಅಷ್ಟೇ. ಕಂಬದ ಲೈನಿನಲ್ಲಿ ಕಡಿದರೆ ಎರಡು ಫೇಸಿನ ಮನೆಗಳು ಒಂದರ ಹಿಂದೊಂದು ಸೇರಿಕೊಂಡು ಸುಮಾರು 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಒಂದು ಕಡೆ 1500 ವಾಟ್‌ನ ಗೀಸರ್, ಇನ್ನೊಂದು ಕಡೆ 100 ವಾಟ್‌ನ ಟಿವಿ ಮಾತ್ರ ಇದ್ದರೆ ಟಿವಿಯ ಪಾಲಿಗೆ ಸುಮಾರು 375 ವೋಲ್ಟ್ ಬರುತ್ತದೆ. ಕಡಿಮೆ ಲೋಡ್ ಇರುವ ಕಡೆಯೇ ಸುಡುವುದು. ಬಲ್ಬುಗಳು ಕೆಲವು ಮನೆಗಳಲ್ಲಿ ವಿಪರೀತ ಪ್ರಕಾಶವಾಗಿ, ಪಕ್ಕದ ಮನೆಗಳಲ್ಲಿ ಮಂಕಾಗಿ ಉರಿದರೆ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ ಲೈನ್‌ಮನ್‌ಗೆ ತಿಳಿಸಿ. ನಿಮ್ಮ ಮನೆಯಲ್ಲಿ ಫ್ರಿಜ್, ಫ್ಯಾನ್ ಓಡುತ್ತಲೇ ಉಳಿದದ್ದರಿಂದ ಇದು ಆಗಿರುವ ಸಾಧ್ಯತೆ ಕಡಿಮೆ.

ಇನ್ನು ತಡೆಯುವ ವಿಷಯ. ಅನೇಕರು ಟಿವಿಯ ಹಿಂದೆ ಸ್ಪೈಕ್ ಗಾರ್ಡ್ ಹಾಕಿ ನೆಮ್ಮದಿಯಾಗಿರುತ್ತಾರೆ. ಅದು ಕರೆಂಟಿನ ತಂತಿಗಳನ್ನು ಮಾತ್ರ ನೋಡಿಕೊಳ್ಳುತ್ತದೆ. ಏಟನ್ನು ಅರ್ಥ್ ತಂತಿಗೆ ಇಳಿಸುವ ಬಗೆಯದಾದರೆ ಆ ಉದ್ದ ತಂತಿಯ ಮೇಲೇ ಹೊಸ ವೋಲ್ಟೇಜ್ ಹುಟ್ಟುತ್ತದೆ. ಮೈಕ್ರೋಸೆಕೆಂಡಿಗೆ ಸಾವಿರ ಆಂಪಿಯರ್ ಏರುವ ಕರೆಂಟಿಗೆ ಪ್ರತಿ ಮೀಟರ್ ತಂತಿಯಲ್ಲಿ ಸುಮಾರು ಸಾವಿರ ವೋಲ್ಟ್. ಡೇಟಾ ಕೇಬಲ್ಲಿನ ವೋಲ್ಟೇಜ್ ಮಾತ್ರ ಇದ್ದಲ್ಲೇ ಇರುತ್ತದೆ, ಟಿವಿಯ ಮೇಲಿನ ವ್ಯತ್ಯಾಸ ಹಾಗೇ ಉಳಿಯುತ್ತದೆ.

ಸರಿಯಾದ ಕ್ರಮ ಮೇನ್ ಬೋರ್ಡಿನಿಂದ ಶುರುವಾಗುತ್ತದೆ. ಅಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ಥಿಂಗ್ ಮನೆಯದೇ ಗುಂಡಿಯದಾದರೆ ಫೇಸ್‌ನಿಂದ ನ್ಯೂಟ್ರಲ್‌ಗೆ ವೇರಿಸ್ಟರ್, ನ್ಯೂಟ್ರಲ್‌ನಿಂದ ಅರ್ಥ್‌ಗೆ ಸ್ಪಾರ್ಕ್ ಗ್ಯಾಪ್ ಇರುವ ಮಾದರಿಯನ್ನೇ ಕೇಳಿ. ಅದರ ಎರಡೂ ಕಡೆಯ ತಂತಿ ಸೇರಿ ಅರ್ಧ ಮೀಟರ್ ಮೀರಬಾರದು. ಎಲೆಕ್ಟ್ರಿಷಿಯನ್‌ಗಳು ಹೆಚ್ಚು ತಪ್ಪುವುದು ಇಲ್ಲೇ: ಚೆಂದ ಕಾಣಲೆಂದು ಬೋರ್ಡಿನ ಸುತ್ತ ತಂತಿ ಸುತ್ತಿಸುತ್ತಾರೆ. ಹಲವು ಮಾದರಿಗಳಲ್ಲಿ ಕಿಟಕಿಯ ಬಣ್ಣ ಕೆಂಪಾದರೆ ಒಳಗಿನ ಕಾರ್ಟ್ರಿಜ್ ಮುಗಿದಿದೆ. ಇಂಟರ್‌ನೆಟ್ ಕೇಬಲ್ ಮತ್ತು ಡಿಶ್ ಕೇಬಲ್ಲಿಗೆ ಒಳಬರುವ ಜಾಗದಲ್ಲೇ ತಮ್ಮ ತಮ್ಮ ಪ್ರೊಟೆಕ್ಟರ್ ಇರಬೇಕು, ಅವುಗಳ ಅರ್ಥ್ ಕೂಡ ಅದೇ ಮೇನ್ ಅರ್ಥ್ ಪಟ್ಟಿಗೆ ಸೇರಬೇಕು. ಡಿಶ್‌ಗೆಂದು ಪ್ರತ್ಯೇಕ ಗುಂಡಿ ತೋಡಿ ಬಿಟ್ಟರೆ ಎರಡು ಗುಂಡಿಗಳ ನಡುವಿನ ವ್ಯತ್ಯಾಸ ಮತ್ತೆ ಟಿವಿಯ ಮೂಲಕವೇ ಹರಿಯುತ್ತದೆ.

ನಿಮ್ಮ ಮನೆಗೆ ಇದಕ್ಕಿಂತ ಸುಲಭದ ಪರಿಹಾರವಿದೆ. ಕೇಬಲ್‌ನವರಿಂದ ಲೋಹದ ಎಳೆ ಇಲ್ಲದ ಫೈಬರ್ ಎಳೆಸಿಕೊಳ್ಳಿ, ಟಿವಿಯನ್ನು ಲ್ಯಾನ್ ಬಿಟ್ಟು ವೈಫೈಗೆ ಹಾಕಿ. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಬರುವ ಫೈಬರಿನ ಜೊತೆ ಆಧಾರಕ್ಕೆಂದು ಉಕ್ಕಿನ ತಂತಿ ಇರುವುದುಂಟು, ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ.

ಸಿಡಿಲು ನೇರ ಮನೆಗೋ ಸರ್ವೀಸ್ ಕಂಬಕ್ಕೋ ಬಡಿದರೆ ಟೈಪ್ 2 ಸಾಧನ ಸಾಲದು. ಹಾಗಾಗಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟಿದಾಗ, ಗುಡುಗು ಇನ್ನೂ ದೂರದಲ್ಲಿರುವಾಗಲೇ, ಟಿವಿ ಮತ್ತು ರೌಟರಿನ ಪ್ಲಗ್ಗನ್ನೂ ಡೇಟಾ ಕೇಬಲ್ಲನ್ನೂ ಎರಡನ್ನೂ ಕಿತ್ತು, ಕೇಬಲ್ಲಿನ ತುದಿಯನ್ನು ಉಪಕರಣದಿಂದ ಒಂದು ಮೀಟರ್ ದೂರ ಇಡಿ. ಸಿಡಿಲು ತಲೆಯ ಮೇಲೆ ಬಂದಾಗಿದ್ದರೆ ಆ ತಂತಿಗಳನ್ನು ಮುಟ್ಟಲು ಹೋಗಬೇಡಿ.