81 ದೊಡ್ಡದೋ, 65 ದೊಡ್ಡದೋ?

ಅಕ್ಕ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದಳು. ಮಗಳ ಹತ್ತನೇ ಕ್ಲಾಸಿನ ಟೆಸ್ಟಿನ ಅಂಕಪಟ್ಟಿ. ಊರಿನ ಸಣ್ಣ ಶಾಲೆ, ಇರುವುದೇ ಹತ್ತು ಮಕ್ಕಳು. ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರಂತೆ, ಅವಳು ಓರೆಯಾಗಿ ನಿಂತು ಕ್ಲಿಕ್ಕಿಸಿದ್ದಳು. ಕೆಳಗೆ ಒಂದು ಸಾಲು: "ನೋಡೋ, ಕನ್ನಡದಲ್ಲಿ 81, ಗಣಿತದಲ್ಲಿ ಬರೀ 65. ಇವಳಿಗೆ ಗಣಿತ ಹತ್ತಲ್ಲ ಅನ್ಸುತ್ತೆ. ಆರ್ಟ್ಸ್ ಕೊಡಿಸೋಣ್ವಾ?" ಜಾತಕದಲ್ಲಿ ಬುಧ ದುರ್ಬಲ ಅಂತ ಅಮ್ಮ ಮೊದಲೇ ಹೇಳಿ ಇಟ್ಟಿದ್ದಾಳೆ. ಈಗ ಅಂಕಪಟ್ಟಿಯೂ ಸಾಕ್ಷಿ ಹೇಳಿದ ಹಾಗಾಯಿತು.

ಬುಧನ ವಿಷಯ ಬಿಡಿ. 81ಕ್ಕಿಂತ 65 ಕಡಿಮೆ ಅನ್ನುವ ಲೆಕ್ಕವೇ ಇಲ್ಲಿ ತಪ್ಪು. ಜುಲೈಯಲ್ಲಿ ಆಗುಂಬೆಯಲ್ಲಿ ಒಂದು ದಿನ 50 ಮಿಲಿಮೀಟರ್ ಮಳೆ ಬಂದರೆ ಯಾರೂ ಕೊಡೆ ಬಿಟ್ಟು ಬೇರೇನೂ ಹುಡುಕುವುದಿಲ್ಲ. ಅಷ್ಟೇ ಮಳೆ ಚಳ್ಳಕೆರೆಯಲ್ಲಿ ಬಂದರೆ ಊರೆಲ್ಲ ಅದೇ ಮಾತು. ಉಪ್ಪಿನ ಪ್ಯಾಕೆಟ್ಟಿಗೆ ಹತ್ತು ರೂಪಾಯಿ ಏರಿದರೆ ಗಲಾಟೆ, ಅಡಿಕೆ ಕ್ವಿಂಟಲಿಗೆ ಹತ್ತು ರೂಪಾಯಿ ಏರಿದರೆ ಮಂಡಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಒಂದು ಸಂಖ್ಯೆ ದೊಡ್ಡದೋ ಸಣ್ಣದೋ ಅಂತ ಹೇಳಬೇಕಾದರೆ ಅಲ್ಲಿ ಮಾಮೂಲಾಗಿ ಎಷ್ಟು, ಮಾಮೂಲಾಗಿ ಎಷ್ಟು ಏರಿಳಿತ ಅನ್ನುವುದು ಗೊತ್ತಿರಬೇಕು.

ಪಟ್ಟಿಯಿಂದ ಎರಡು ಕಾಲಮ್ ಬರೆದುಕೊಂಡೆ. ಕನ್ನಡ: 87, 84, 83, 81, 80, 80, 79, 78, 76, 72. ಗಣಿತ: 70, 65, 62, 54, 51, 46, 44, 38, 37, 33. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ್ದೇನೆ, ಹಾಗಾಗಿ ಒಂದರ ಕೆಳಗೆ ಒಂದು ಇಟ್ಟು ಓದಬೇಡಿ.

ಕನ್ನಡದ ಸರಾಸರಿ 80, ಗಣಿತದ್ದು 50. ಅಂದರೆ ನಮ್ಮ ಹುಡುಗಿ ಕನ್ನಡದಲ್ಲಿ ಸರಾಸರಿಗಿಂತ ಒಂದೇ ಅಂಕ ಮೇಲೆ, ಗಣಿತದಲ್ಲಿ ಹದಿನೈದು ಅಂಕ ಮೇಲೆ. ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ಕನ್ನಡದಲ್ಲಿ ಎಲ್ಲರೂ ಒಂದೇ ಕಡೆ ಗುಂಪಾಗಿದ್ದಾರೆ, ಗಣಿತದಲ್ಲಿ ಚದುರಿದ್ದಾರೆ. ಗುಂಪಿನ ನಡುವೆ ಒಂದು ಹೆಜ್ಜೆ ಮುಂದೆ ನಿಂತರೂ ಕಾಣುತ್ತದೆ, ಬಯಲಲ್ಲಿ ಚದುರಿ ನಿಂತವರ ನಡುವೆ ಒಂದು ಹೆಜ್ಜೆ ಲೆಕ್ಕಕ್ಕೇ ಬರುವುದಿಲ್ಲ. ಈ ಚದುರುವಿಕೆಯ ಅಳತೆಗೋಲೇ ಸ್ಟ್ಯಾಂಡರ್ಡ್ ಡೀವಿಯೇಷನ್. ಪಠ್ಯಪುಸ್ತಕದ ಹೆಸರು ಮಾನಕ ವಿಚಲನೆ.

ಮಾಡುವ ಬಗೆ ಇಷ್ಟೇ. ಪ್ರತಿಯೊಬ್ಬರೂ ಸರಾಸರಿಯಿಂದ ಎಷ್ಟು ದೂರ ಅಂತ ನೋಡಿ. ಸುಮ್ನೆ ಕೂಡಿಸಿದರೆ ಮೇಲಿನವರು ಕೆಳಗಿನವರು ವಜಾ ಆಗಿ ಸೊನ್ನೆ ಬರುತ್ತದೆ, ಅದಕ್ಕೆ ಪ್ರತಿ ದೂರವನ್ನೂ ವರ್ಗ ಮಾಡಿ ಕೂಡಿಸಬೇಕು. ಕನ್ನಡದಲ್ಲಿ ಮೊತ್ತ 160. ಹತ್ತರಿಂದ ಭಾಗಿಸಿದರೆ 16, ಅದರ ವರ್ಗಮೂಲ 4. ಗಣಿತದಲ್ಲಿ ಮೊತ್ತ 1440, ಭಾಗಿಸಿದರೆ 144, ವರ್ಗಮೂಲ 12. ಈಗ ಸರಾಸರಿಯಿಂದ ಇರುವ ದೂರವನ್ನು ಈ ಅಳತೆಗೋಲಿನಿಂದ ಭಾಗಿಸಿದರೆ ಸಿಗುವುದೇ ಝಡ್ ಸ್ಕೋರ್. ಕನ್ನಡದಲ್ಲಿ 1 ಭಾಗಿಸು 4, ಅಂದರೆ 0.25. ಗಣಿತದಲ್ಲಿ 15 ಭಾಗಿಸು 12, ಅಂದರೆ 1.25. "ಗಣಿತ ಹತ್ತದ" ಹುಡುಗಿ ಆ ಕ್ಲಾಸಿನಲ್ಲಿ ಗಣಿತದಲ್ಲೇ ಜಾಸ್ತಿ ಮುಂದಿದ್ದಾಳೆ!

ಈ ಲೆಕ್ಕದಲ್ಲಿ ಒಟ್ಟು ಅಂಕ ಎಷ್ಟು ಅನ್ನುವುದೂ ಕಳಚಿ ಹೋಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಬಹಳ ವರ್ಷ ಪ್ರಥಮ ಭಾಷೆಗೆ 125, ಉಳಿದವಕ್ಕೆ 100 ಇತ್ತಲ್ಲ, ಆ ತೊಡಕೂ ಝಡ್ ಸ್ಕೋರಿಗೆ ಇಲ್ಲ. ಎಕ್ಸೆಲ್ಲಿನಲ್ಲಿ ಅಂಕಗಳು B2ಯಿಂದ B11ರವರೆಗೆ ಇದ್ದರೆ, B5ರಲ್ಲಿರುವ ಅಂಕಕ್ಕೆ ಹೀಗೆ:

```
=(B5-AVERAGE(B$2:B$11))/STDEV.P(B$2:B$11)
```

ಇಲ್ಲಿ STDEV.S ಹಾಕಿದರೆ ಹತ್ತರ ಬದಲು ಒಂಬತ್ತರಿಂದ ಭಾಗಿಸುತ್ತದೆ, ಆಗ 1.25ರ ಬದಲು 1.19 ಬರುತ್ತದೆ. ಹತ್ತು ಮಕ್ಕಳೇ ಇಡೀ ಕ್ಲಾಸ್ ಆದ್ದರಿಂದ ನನಗೆ ಬೇಕಾದ್ದು P. ಎರಡೂ ವಿಷಯಕ್ಕೆ ಒಂದನ್ನೇ ಹಾಕಿ, ಅಷ್ಟು ಸಾಕು.

ಪರೀಕ್ಷೆಯ ಅಂಕಗಳನ್ನು ಹೀಗೆ ಜಾಲಾಡುವ ಹುಚ್ಚು ಹಳೆಯದು. 1917ರ ಹೊತ್ತಿಗೆ ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳನ್ನು ಸಂಖ್ಯಾಶಾಸ್ತ್ರದ ಕಣ್ಣಲ್ಲಿ ನೋಡಿಕೊಡು ಅಂತ ಬ್ರಜೇಂದ್ರನಾಥ ಸೀಲ್ ಒಬ್ಬ ಯುವ ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿದರು. ಆ ಮೇಷ್ಟ್ರು ಪಿ. ಸಿ. ಮಹಾಲನೋಬಿಸ್. ಮುಂದೆ 1931ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದವರು. ಸೀಲ್ ಯಾರು ಅಂತೀರಾ? ಆಮೇಲೆ ನಮ್ಮ ಮೈಸೂರು ವಿಶ್ವವಿದ್ಯಾಲಯಕ್ಕೆ ಉಪಕುಲಪತಿಯಾಗಿ ಬಂದವರೇ.

ಇನ್ನು ಪರ್ಸೆಂಟೈಲ್. ಇದಕ್ಕೂ ಪರ್ಸೆಂಟೇಜಿಗೂ ನಂಟಿಲ್ಲ. ನೂರಕ್ಕೆ ಎಷ್ಟು ಅಂಕ ಅನ್ನುವುದು ಪರ್ಸೆಂಟೇಜ್, ನೂರಕ್ಕೆ ಎಷ್ಟು ಜನ ನಿನ್ನ ಹಿಂದೆ ಅನ್ನುವುದು ಪರ್ಸೆಂಟೈಲ್. ಗಣಿತದಲ್ಲಿ ಇವಳ ಹಿಂದೆ ಎಂಟು ಜನ. ಹಿಂದಿನವರನ್ನು ಮಾತ್ರ ಎಣಿಸಿದರೆ 80. ಜೆಇಇ ಮೇನ್ಸ್‌ನ ಹಾಗೆ "ಇಷ್ಟು ಅಥವಾ ಇದಕ್ಕಿಂತ ಕಡಿಮೆ" ಅಂತ ತನ್ನನ್ನೂ ಸೇರಿಸಿ ಎಣಿಸಿದರೆ 90. ತನ್ನನ್ನು ಅರ್ಧ ಅಂತ ಹಿಡಿದರೆ 85. ಮೂರೂ ಚಾಲ್ತಿಯಲ್ಲಿವೆ. ಲಕ್ಷ ಮಂದಿ ಇದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಹತ್ತು ಮಂದಿಯಲ್ಲಿ ಎದ್ದು ಕಾಣುತ್ತದೆ. ಅರ್ಧದ ಲೆಕ್ಕದಲ್ಲಿ ಕನ್ನಡಕ್ಕೆ 65, ಗಣಿತಕ್ಕೆ 85.

ಈಗ ನಾನೇ ಎಡವಿದ ಕಥೆ. ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಗಣಿತದ ಝಡ್ ಸ್ಕೋರ್ 1.25 ಬರಲೇ ಇಲ್ಲ, 0.63 ಬಂತು. ಅಕ್ಕನಿಗೆ ಹೇಳಿಯೂ ಬಿಟ್ಟಿದ್ದೆ. ಆಮೇಲೆ ಒಂದು ಅಂಕ ಕಣ್ಣಿಗೆ ಚುಚ್ಚಿತು. ಎಲ್ಲರೂ 70ರ ಒಳಗೆ ಇರುವಾಗ ಒಂದು ಮಗು ಮಾತ್ರ 88! ಫೋಟೋ ಹಿಗ್ಗಿಸಿ ನೋಡಿದರೆ 3ರ ಬಾಯಿ ಮಸುಕಾಗಿ ಮುಚ್ಚಿಕೊಂಡು 8ರ ಹಾಗೆ ಕಾಣುತ್ತಿತ್ತು. ಖಚಿತ ಮಾಡಿಕೊಂಡಿದ್ದು ಕೊನೆಯ 'ಒಟ್ಟು' ಕಾಲಮ್ಮಿನಿಂದ. ಆ ಮಗುವಿನ ಆರೂ ವಿಷಯ ಕೂಡಿಸಿದೆ, ಪಟ್ಟಿಯಲ್ಲಿದ್ದ ಮೊತ್ತಕ್ಕಿಂತ ಸರಿಯಾಗಿ 50 ಜಾಸ್ತಿ ಬಂತು. ಅದು 38.

ಒಂದೇ ಒಂದು ಅಂಕಿ ಮಾಡಿದ ಅನಾಹುತ ನೋಡಿ. ಸರಾಸರಿ 50ರಿಂದ 55ಕ್ಕೆ ಏರಿತು, ಸ್ಟ್ಯಾಂಡರ್ಡ್ ಡೀವಿಯೇಷನ್ 12ರಿಂದ ಸುಮಾರು 15.8ಕ್ಕೆ ಉಬ್ಬಿತು. ದೂರವನ್ನು ವರ್ಗ ಮಾಡುತ್ತೇವಲ್ಲ, ದೂರ ನಿಂತವನ ಭಾರ ಬಹಳ. ಹುಡುಗಿಯ ಝಡ್ ಸ್ಕೋರ್ ಅರ್ಧಕ್ಕೆ ಇಳಿಯಿತು. ಪರ್ಸೆಂಟೈಲ್ ಮಾತ್ರ 85ರಿಂದ 75ಕ್ಕೆ ಇಳಿದು ಸುಮ್ಮನಾಯಿತು. ಅದಕ್ಕೆ ಮುಂದೆ ನಿಂತವನು ಎಷ್ಟು ಮುಂದೆ ಅನ್ನುವುದು ಬೇಕಿಲ್ಲ, ಮುಂದೆ ನಿಂತಿದ್ದಾನೆ ಅನ್ನುವುದಷ್ಟೇ ಬೇಕು. ಅದಕ್ಕೇ ಮಸುಕು ಫೋಟೋ ಇದ್ದಾಗ ನಾನು ಎರಡನ್ನೂ ತೆಗೆಯುತ್ತೇನೆ. ಹಾಗೆಯೇ ಗೈರಾದ ಮಗುವಿನ AB ಅನ್ನು ಸೊನ್ನೆ ಅಂತ ಹಾಕಬೇಡಿ, ಖಾಲಿ ಬಿಡಿ. ಓರೆ ಫೋಟೋದಲ್ಲಿ ಕಣ್ಣು ಪಕ್ಕದ ಸಾಲಿಗೆ ಜಾರುತ್ತದೆ, ಪರದೆಯ ಮೇಲೆ ಒಂದು ಕಾಗದದ ಅಂಚು ಹಿಡಿದು ಓದಿ.

"ಹಾಗಾದ್ರೆ ಸೈನ್ಸೇ ಕೊಡಿಸೋದಾ?" ಅಂತ ಅಕ್ಕ ಕೇಳಿದಳು. ಅದನ್ನು 1.25 ಹೇಳುವುದಿಲ್ಲ ಅಂದೆ. ಆ ಹತ್ತು ಮಕ್ಕಳ ನಡುವೆ, ಆ ಒಂದು ಟೆಸ್ಟಿನಲ್ಲಿ ಅವಳು ಎಲ್ಲಿದ್ದಳು ಅನ್ನುವುದಷ್ಟೇ ಅದರಲ್ಲಿರುವುದು. ಪ್ರಶ್ನೆಪತ್ರಿಕೆ ಕಷ್ಟ ಇತ್ತೋ, ಕ್ಲಾಸಿಗೇ ಪಾಠ ಸರಿಯಾಗಿ ಆಗಿರಲಿಲ್ಲವೋ, ಅದಕ್ಕೆ ಗೊತ್ತಿಲ್ಲ. ಹೋದ 35 ಅಂಕ ರೇಖಾಗಣಿತದಲ್ಲಿ ಹೋಯಿತೋ ಕೂಡಿಸುವ ಆತುರದಲ್ಲಿ ಹೋಯಿತೋ ಅದೂ ಗೊತ್ತಿಲ್ಲ. ಗಣಿತದ ಉತ್ತರಪತ್ರಿಕೆಯ ಫೋಟೋ ಕಳಿಸು ಅಂದೆ. ಈ ಸಲ ನೇರ ನಿಂತು ತೆಗಿ ಅಂತಲೂ ಹೇಳಿದೆ.