38ರ ವಯಸ್ಸು, 8 ಅಂಡಾಣು

ನಮ್ಮ ಕಾಸರಗೋಡು ಕಡೆ ಬಿ.ಎಡ್. ಮುಗಿಸಿ, ಪಿಎಸ್‌ಸಿ ಪರೀಕ್ಷೆ ಬರೆದು, ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬರುವುದನ್ನೇ ಕಾಯುವ ಹೆಣ್ಣುಮಕ್ಕಳು ತುಂಬ ಜನ ಇದ್ದಾರೆ. ಕೆಲಸ ಸಿಕ್ಕಿ, ಮದುವೆಯೂ ಆಗುವಾಗ 34, 35 ಆಗಿಬಿಡುತ್ತದೆ. ಒಂದೆರಡು ವರ್ಷ ಕಾದು ನೋಡಿ ಮಂಗಳೂರಿನ ಆಸ್ಪತ್ರೆಗೆ ಹೋಗುವ ಹೊತ್ತಿಗೆ 37 ಅಥವಾ 38. ಅಲ್ಲಿ ಮೊದಲು ಬರೆದುಕೊಡುವ ಪರೀಕ್ಷೆಗಳಲ್ಲಿ ಎಎಂಎಚ್ ಒಂದು. ಅದು 1.1 ಅಂತ ಬಂದರೆ ಮನೆಯಲ್ಲಿ ಎಲ್ಲರ ಮುಖ ಬಾಡುತ್ತದೆ. 3 ಅಂತ ಬಂದರೆ "ಹಾಗಾದ್ರೆ ಅವಸರ ಇಲ್ಲ, ಅಲ್ವಾ?" ಎಂದು ಇನ್ನೊಂದು ವರ್ಷ ಸುಮ್ನೆ ಕಳೆಯುತ್ತದೆ.

ಎರಡೂ ಸರಿಯಲ್ಲ. ಎಎಂಎಚ್ ಅನ್ನುವುದು ಅಂಡಾಶಯದ ಸಣ್ಣ ಸಣ್ಣ ಫಾಲಿಕಲ್‌ಗಳು, ಅಂದರೆ ಅಂಡಾಣು ಕೂತಿರುವ ಪುಟ್ಟ ಗುಳ್ಳೆಗಳು, ಬಿಡುವ ಒಂದು ಹಾರ್ಮೋನು. ಗುಳ್ಳೆ ಜಾಸ್ತಿ ಇದ್ದರೆ ಅದೂ ಜಾಸ್ತಿ. ಹಾಗಾಗಿ ಎಷ್ಟು ಅಂಡಾಣು ಉಳಿದಿವೆ ಅನ್ನುವುದಕ್ಕೆ ಒಂದು ಅಂದಾಜು ಸಿಗುತ್ತದೆ. ಉಳಿದವು ಹೇಗಿವೆ ಅಂತ ಅದು ಹೇಳುವುದೇ ಇಲ್ಲ. ಅದನ್ನು ಹೇಳುವ ರಕ್ತಪರೀಕ್ಷೆ ಯಾವುದೂ ಇಲ್ಲ. ವಯಸ್ಸನ್ನು ನೋಡಿಯೇ ಊಹಿಸಬೇಕು. ಎಎಂಎಚ್ 1.1 ಇರುವ 29ರ ಹುಡುಗಿಗೂ 3 ಇರುವ 39ರ ಹೆಂಗಸಿಗೂ ತೊಂದರೆ ಬೇರೆ ಬೇರೆ. ಮೊದಲನೆಯವಳಿಗೆ ಅಂಡಾಣು ಕಡಿಮೆ, ಆದರೆ ಇರುವವು ಹೆಚ್ಚಾಗಿ ಚೆನ್ನಾಗಿರುತ್ತವೆ. ಎರಡನೆಯವರಿಗೆ ಬೇಕಾದಷ್ಟು ಸಿಗುತ್ತವೆ, ಆದರೆ ಅವುಗಳಲ್ಲಿ ಅರ್ಧದಷ್ಟು ಮಗುವಾಗುವಂಥವಲ್ಲ.

ಮೊದಲು ಲೆಕ್ಕದ ವಿಷಯ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಾಗಿರುವಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣು ಇರುತ್ತವೆ. ಅದೇ ಶಿಖರ, ಅಲ್ಲಿಂದ ಇಳಿಕೆ. ಹುಟ್ಟುವಾಗ 10ರಿಂದ 20 ಲಕ್ಷ, ದೊಡ್ಡವಳಾಗುವಾಗ 3ರಿಂದ 4 ಲಕ್ಷ, 37-38ಕ್ಕೆ ಸುಮಾರು 25 ಸಾವಿರ, ಮುಟ್ಟು ನಿಲ್ಲುವಾಗ ಸಾವಿರದ ಆಸುಪಾಸು. ಇವು ಸರಾಸರಿ, ಒಬ್ಬರಿಂದ ಒಬ್ಬರಿಗೆ ತುಂಬ ವ್ಯತ್ಯಾಸ ಇರುತ್ತದೆ. ಇಡೀ ಆಯುಸ್ಸಿನಲ್ಲಿ ಬಿಡುಗಡೆಯಾಗುವುದು 400-500 ಮಾತ್ರ. ಉಳಿದವೆಲ್ಲ ತಾವಾಗಿಯೇ ಸಾಯುತ್ತವೆ. ಗರ್ಭನಿರೋಧಕ ಮಾತ್ರೆ ತಗೊಂಡರೂ, ಬಸುರಿಯಾದರೂ ಅದು ನಿಲ್ಲುವುದಿಲ್ಲ.

ಪ್ರತಿ ತಿಂಗಳೂ ಒಂದು ಗುಂಪು ಫಾಲಿಕಲ್‌ಗಳು ಬೆಳೆಯಲು ಮುಂದೆ ಬರುತ್ತವೆ. ಅವುಗಳಲ್ಲಿ ಒಂದು ಗೆಲ್ಲುತ್ತದೆ, ಉಳಿದವು ಬಾಡುತ್ತವೆ. ವಯಸ್ಸಾದಂತೆ ಈ ಗುಂಪು ಸಣ್ಣದಾಗುತ್ತದೆ. ಗುಂಪು ಸಣ್ಣದಾದರೆ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಗೆ "ಸಾಕು" ಎನ್ನುವ ಹಾರ್ಮೋನು ಕಡಿಮೆ ಹೋಗುತ್ತದೆ. ಆಗ ಅದು ಫಾಲಿಕಲ್ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನನ್ನು ಜಾಸ್ತಿ, ಬೇಗ ಬಿಡುತ್ತದೆ. ಹಾಗಾಗಿ ಅಂಡಾಣು ಬೇಗ ಹಣ್ಣಾಗುತ್ತದೆ. 29 ದಿನಕ್ಕೆ ಬರುತ್ತಿದ್ದ ಮುಟ್ಟು 26ಕ್ಕೆ ಬರಲು ಶುರುವಾಗುತ್ತದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವವರಿಗೆ ಇದು ಕಣ್ಣಿಗೆ ಕಾಣುತ್ತದೆ. "ನನಗೆ ತಪ್ಪದೆ ಮುಟ್ಟಾಗ್ತದೆ, ನನಗೇನು ತೊಂದರೆ?" ಎಂದು ಕೇಳುವವರಿದ್ದಾರೆ. ಮುಟ್ಟು ತಪ್ಪದೆ ಬರುವುದು ಅಂಡಾಣು ಬಿಡುಗಡೆಯಾಗುತ್ತಿದೆ ಅನ್ನುವುದರ ಸೂಚನೆ, ಅಷ್ಟೇ. ಎಫ್‌ಎಸ್‌ಎಚ್ ಏರಿದಾಗ ಕೆಲವೊಮ್ಮೆ ಎರಡು ಅಂಡಾಣು ಒಟ್ಟಿಗೆ ಬರುತ್ತವೆ. ಮೂವತ್ತರ ಕೊನೆಯಲ್ಲಿ ಔಷಧಿ ಇಲ್ಲದೆಯೇ ಅವಳಿ ಮಕ್ಕಳು ಹೆಚ್ಚಾಗುವುದು ಅದಕ್ಕೇ.

ಈಗ ಗುಣಮಟ್ಟಕ್ಕೆ ಬರೋಣ. ನನ್ನ ಪ್ರಕಾರ ಜನರಿಗೆ ಯಾರೂ ಬಿಡಿಸಿ ಹೇಳದೆ ಉಳಿದಿರುವುದು ಇದೇ. ಅಂಡಾಣು ತನ್ನ ಕ್ರೋಮೋಸೋಮ್‌ಗಳನ್ನು, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳನ್ನು, ಅರ್ಧ ಮಾಡಿಕೊಳ್ಳುವ ಕೆಲಸವನ್ನು ಆ ಹೆಣ್ಣುಮಗು ಹುಟ್ಟುವ ಮೊದಲೇ ಶುರುಮಾಡುತ್ತದೆ. 23 ಜೋಡಿಗಳು ಪಕ್ಕಪಕ್ಕ ಬಂದು ನಿಲ್ಲುತ್ತವೆ, ಅಲ್ಲಿಗೆ ಕೆಲಸ ನಿಂತುಬಿಡುತ್ತದೆ. ಮತ್ತೆ ಮುಂದುವರಿಯುವುದು ಆ ಅಂಡಾಣು ಬಿಡುಗಡೆಯಾಗುವ ತಿಂಗಳಲ್ಲಿ. ಅಂದರೆ 38ರ ಹೆಂಗಸಿನ ಅಂಡಾಣು 38 ವರ್ಷಕ್ಕೂ ಜಾಸ್ತಿ ಕಾಲ ಕೆಲಸದ ನಡುವೆಯೇ ಕಾದು ಕೂತಿದೆ. ಅಷ್ಟೂ ಕಾಲ ಆ ಜೋಡಿಗಳನ್ನು ಹಿಡಿದಿಡುವುದು ಕೊಹೆಸಿನ್ ಎಂಬ ಪ್ರೋಟೀನಿನ ಉಂಗುರಗಳು. ಚಪ್ಪರಕ್ಕೆ ಕಟ್ಟಿದ ನಾರಿನ ಹಗ್ಗದ ಹಾಗೆ ಅವು ವರ್ಷ ಕಳೆದಂತೆ ಸಡಿಲವಾಗುತ್ತವೆ, ಹೊಸದು ಕಟ್ಟುವವರಿಲ್ಲ. ಕೊನೆಗೆ ಜೋಡಿ ಬೇರೆಯಾಗುವ ದಿನ ಒಂದು ಕ್ರೋಮೋಸೋಮ್ ತಪ್ಪು ಕಡೆಗೆ ಜಾರುತ್ತದೆ. 23 ಇರಬೇಕಾದಲ್ಲಿ 22 ಅಥವಾ 24 ಆಗುತ್ತದೆ.

ಇಂಥ ಅಂಡಾಣುವಿನಿಂದ ಆದ ಭ್ರೂಣ ಬಹುತೇಕ ಗರ್ಭಕೋಶದಲ್ಲಿ ಅಂಟುವುದೇ ಇಲ್ಲ. ಅಂಟಿದರೂ ಹೆಚ್ಚಿನವು ಎರಡು ಮೂರು ತಿಂಗಳೊಳಗೆ ಹೋಗಿಬಿಡುತ್ತವೆ. ಮನೆಯಲ್ಲಿ ಕೆಲವರು ಸರ್ಪದೋಷ ಎನ್ನುತ್ತಾರೆ, ಇನ್ನು ಕೆಲವರು ಅವಳು ಸ್ಕೂಟರಿನಲ್ಲಿ ಶಾಲೆಗೆ ಹೋಗಿದ್ದೇ ಕಾರಣ ಎನ್ನುತ್ತಾರೆ. ಬಹಳಷ್ಟು ಸಲ ಕಾರಣ ಈ ಕ್ರೋಮೋಸೋಮ್ ಲೆಕ್ಕ, ಮತ್ತು ಅದು ಅವಳು ಗರ್ಭ ಧರಿಸುವ ಮೊದಲೇ ತಪ್ಪಿಹೋಗಿತ್ತು. ಇದನ್ನು ಆ ಹೆಣ್ಣುಮಗಳಿಗೆ ಮಾತ್ರ ಅಲ್ಲ, ಅತ್ತೆ, ಮಾವ, ಗಂಡ ಎಲ್ಲರನ್ನೂ ಕೂರಿಸಿ ಹೇಳಬೇಕು.

ಲ್ಯಾಬಿನಲ್ಲಿ ಐದು ದಿನ ಬೆಳೆಸಿದ ಭ್ರೂಣಗಳನ್ನು ಪರೀಕ್ಷಿಸಿದಾಗ ಕ್ರೋಮೋಸೋಮ್ ತಪ್ಪಿರುವವು 35ರಲ್ಲಿ ಮೂರರಲ್ಲಿ ಒಂದು, 38ರಲ್ಲಿ ಸುಮಾರು ಅರ್ಧ, 42ರಲ್ಲಿ ನಾಲ್ಕರಲ್ಲಿ ಮೂರು. ಇಳಿಜಾರು 37ರ ನಂತರ ಕಡಿದಾಗುವುದು ಹೀಗೆ.

ಇದರಿಂದ ಒಂದು ಐವಿಎಫ್ ಸೈಕಲ್‌ನಲ್ಲಿ, ಅಂದರೆ ಅಂಡಾಣು ತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುವ ಒಂದು ಸುತ್ತಿನಲ್ಲಿ, ಏನಾಗುತ್ತದೆ ನೋಡೋಣ. ಬದಿಯಡ್ಕ ಕಡೆಯ 38ರ ಒಬ್ಬ ಟೀಚರ್ ಎಂದಿಟ್ಟುಕೊಳ್ಳಿ. ಮುಟ್ಟಿನ ಎರಡನೇ ದಿನದ ಸ್ಕ್ಯಾನಿನಲ್ಲಿ ಎರಡೂ ಅಂಡಾಶಯ ಸೇರಿ 9 ಫಾಲಿಕಲ್ ಕಾಣುತ್ತವೆ, 2ರಿಂದ 10 ಮಿಲಿಮೀಟರಿನ ಕಪ್ಪು ಚುಕ್ಕಿಗಳು. ಅಂದಿನಿಂದ ದಿನಾ ಎಫ್‌ಎಸ್‌ಎಚ್ ಇಂಜೆಕ್ಷನ್, ಸುಮಾರು 10ರಿಂದ 12 ದಿನ. ಇದು ಹೊಸ ಅಂಡಾಣು ಹುಟ್ಟಿಸುವುದಿಲ್ಲ. ಆ ತಿಂಗಳು ಬಾಡಿಹೋಗಬೇಕಿದ್ದವನ್ನು ಉಳಿಸಿ ಬೆಳೆಸುತ್ತದೆ. ಆದ್ದರಿಂದ "ಐವಿಎಫ್ ಮಾಡಿಸಿದ್ರೆ ಮುಂದಿನ ಮೊಟ್ಟೆಗಳೂ ಖರ್ಚಾಗಿ ಮುಟ್ಟು ಬೇಗ ನಿಲ್ತದೆ" ಅನ್ನುವ ಹೆದರಿಕೆ ಬೇಡ. ಹಾಗೆಯೇ 9 ಚುಕ್ಕಿ ಇರುವ ಕಡೆ ಡೋಸ್ ಎರಡು ಪಟ್ಟು ಮಾಡಿದರೆ 18 ಬರುವುದಿಲ್ಲ, ಬಿಲ್ಲು ಮಾತ್ರ ಏರುತ್ತದೆ.

ಫಾಲಿಕಲ್‌ಗಳು 17-18 ಮಿಲಿಮೀಟರ್ ಆದಾಗ ರಾತ್ರಿ ಒಂದು ಟ್ರಿಗರ್ ಇಂಜೆಕ್ಷನ್. ಗುರುವಾರ ರಾತ್ರಿ 10ಕ್ಕೆ ಕೊಟ್ಟರೆ ಶನಿವಾರ ಬೆಳಿಗ್ಗೆ 10ಕ್ಕೆ ಅಂಡಾಣು ತೆಗೆಯಬೇಕು. ಈ 36 ಗಂಟೆಯಲ್ಲೇ ಅಂಡಾಣು ನಿಂತಿದ್ದ ಕೆಲಸವನ್ನು ಮುಂದುವರಿಸುವುದು. ಇಂಜೆಕ್ಷನ್ ಮರೆತರೆ ಹಣ್ಣಾಗದ ಅಂಡಾಣು ಸಿಗುತ್ತದೆ. ತಲಪಾಡಿಯಲ್ಲಿ ಟ್ರಾಫಿಕ್ಕು ಎಂದು ಮೂರು ನಾಲ್ಕು ಗಂಟೆ ತಡವಾದರೆ ಫಾಲಿಕಲ್ ಒಡೆದು ಒಳಗೇ ಹೋಗಿಬಿಡಬಹುದು. ದೂರದವರು ಹಿಂದಿನ ರಾತ್ರಿ ಮಂಗಳೂರಿನಲ್ಲೇ ಉಳಿಯುವುದು ಒಳ್ಳೆಯದು.

ನಮ್ಮ ಟೀಚರಿಗೆ 8 ಅಂಡಾಣು ಸಿಕ್ಕಿತು ಅನ್ನೋಣ. ಅವುಗಳಲ್ಲಿ ಹಣ್ಣಾಗಿರುವವು 6. ವೀರ್ಯದ ಜೊತೆ ಸೇರಿ ಫಲಿತವಾದವು 4. ಐದನೇ ದಿನಕ್ಕೆ ಬ್ಲಾಸ್ಟೊಸಿಸ್ಟ್, ಅಂದರೆ ಗರ್ಭಕೋಶದಲ್ಲಿ ಅಂಟಲು ಸಿದ್ಧವಾಗುವ ಹಂತ ಮುಟ್ಟಿದವು 2. ಕ್ರೋಮೋಸೋಮ್ ಸರಿ ಇರುವುದು 1. ಆ ಒಂದನ್ನು ಒಳಗಿಟ್ಟರೂ ಮಗು ಕೈಗೆ ಬರುವ ಸಾಧ್ಯತೆ ಅರ್ಧಕ್ಕೆ ಸ್ವಲ್ಪ ಮೇಲೆ. 30ರ ಹುಡುಗಿಗೆ 15 ಸಿಕ್ಕರೆ ಇದೇ ದಾರಿಯಲ್ಲಿ ಇಳಿದು 4 ಬ್ಲಾಸ್ಟೊಸಿಸ್ಟ್, ಅವುಗಳಲ್ಲಿ 3 ಸರಿಯಾದವು. 42ರಲ್ಲಿ 8 ಸಿಕ್ಕರೂ 2 ಬ್ಲಾಸ್ಟೊಸಿಸ್ಟಿಗೆ ಅರ್ಧ ಭ್ರೂಣ, ಅಂದರೆ ಎರಡು ಸೈಕಲ್‌ಗೆ ಒಂದು. ಇವು ಸರಾಸರಿಗಳು. ನಮ್ಮ ಟೀಚರಿಗೆ ಒಂದು ಸಲ 2 ಸರಿಯಾದವು ಬರಬಹುದು, ಇನ್ನೊಂದು ಸಲ ಒಂದೂ ಇಲ್ಲ.

ಹೀಗಿರುವಾಗ ಮೂವತ್ತರ ಕೊನೆಯಲ್ಲಿ ಒಂದೇ ಸೈಕಲ್‌ಗೆ ಎಂದು ಹಣ ಹೊಂದಿಸಿಕೊಂಡು ಹೋಗುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಸೊಸೈಟಿಯಿಂದ ಸಾಲ ಮಾಡುವುದಿದ್ದರೆ ಎರಡು ಮೂರು ಸೈಕಲ್‌ನ ಲೆಕ್ಕ ಮೊದಲೇ ಹಾಕಬೇಕು. ಎರಡನೇ ಮಗುವೂ ಬೇಕು ಎಂದಿದ್ದರೆ ಮೊದಲನೆಯದರ ಮುಂಚೆಯೇ ಭ್ರೂಣಗಳನ್ನು ಫ್ರೀಜ್ ಮಾಡಿಡುವ ಮಾತನ್ನು ವೈದ್ಯರ ಹತ್ತಿರ ಆಡಬೇಕು. ಮಗು ಹುಟ್ಟಿ ಎರಡು ವರ್ಷ ಕಳೆದು ಬಂದರೆ ವಯಸ್ಸು 41. ಐವಿಎಫ್ ಬೇಕಾಗುವ ಮೊದಲೂ ಅಷ್ಟೇ. 35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ಆಗದಿದ್ದರೆ ತೋರಿಸಿಕೊಳ್ಳಬೇಕು, 40 ದಾಟಿದವರು ಕಾಯಲೇಬಾರದು. ಗಂಡನ ವೀರ್ಯಪರೀಕ್ಷೆಯೂ ಅದೇ ವಾರ ಆಗಬೇಕು.

ಸೈಕಲ್ ಫಲಿಸದಿದ್ದರೆ ಲ್ಯಾಬಿನ ಹಾಳೆ ಕೇಳಿ ಪಡೆಯಿರಿ. ಎಷ್ಟು ತೆಗೆದರು, ಎಷ್ಟು ಹಣ್ಣಾಗಿದ್ದವು, ಎಷ್ಟು ಫಲಿತವಾದವು, ಎಷ್ಟು ಐದನೇ ದಿನ ಮುಟ್ಟಿದವು ಎಂದು ಅದರಲ್ಲಿ ಇರುತ್ತದೆ. ಎಲ್ಲಿ ಸಂಖ್ಯೆ ಧುಮುಕಿತು ಅನ್ನುವುದೇ ಮುಖ್ಯ. 9 ಫಾಲಿಕಲ್ ಕಂಡು 2 ಅಂಡಾಣು ಮಾತ್ರ ಸಿಕ್ಕಿದ್ದರೆ ಟ್ರಿಗರ್ ಅಥವಾ ಸಮಯದ ತಪ್ಪು ಇರಬಹುದು. ಹಣ್ಣಾದ 6ರಲ್ಲಿ ಒಂದೇ ಫಲಿತವಾಗಿದ್ದರೆ ವೀರ್ಯವನ್ನೋ ಲ್ಯಾಬನ್ನೋ ನೋಡಬೇಕು. ಇವೆರಡನ್ನೂ ಮುಂದಿನ ಸಲ ಸರಿಮಾಡಲು ಅವಕಾಶ ಉಂಟು. ಎಲ್ಲ ಸರಿಯಾಗಿ ನಡೆದು, ಚೆನ್ನಾಗಿ ಕಾಣುವ ಭ್ರೂಣ ಅಂಟದೇ ಹೋಗಿದ್ದರೆ ಅಥವಾ ಬೇಗ ಗರ್ಭಪಾತವಾಗಿದ್ದರೆ, 38ರಲ್ಲಿ ಮೊದಲು ನೆನಪಾಗಬೇಕಾದ್ದು ಕ್ರೋಮೋಸೋಮ್. ಅದಕ್ಕೆ ಪುಡಿ, ಮಾತ್ರೆ, ದುಬಾರಿ ಇಂಜೆಕ್ಷನ್ ಯಾವುದೂ ಮದ್ದು ಎಂದು ಸಾಬೀತಾಗಿಲ್ಲ. ಭ್ರೂಣಪರೀಕ್ಷೆಯೂ ಕೆಟ್ಟದ್ದನ್ನು ಬೇರೆಮಾಡಿ ತೋರಿಸುತ್ತದೆ, ಒಳ್ಳೆಯದನ್ನು ಹುಟ್ಟಿಸುವುದಿಲ್ಲ. ಇನ್ನಷ್ಟು ಅಂಡಾಣು ಪಡೆಯುವುದು ಒಂದು ದಾರಿ, ದಾನದ ಅಂಡಾಣು ಇನ್ನೊಂದು.

ದಾನದ ಅಂಡಾಣುವಿನಲ್ಲಿ ಯಶಸ್ಸು ದಾನಿಯ ವಯಸ್ಸಿನ ಮೇಲೆ ನಿಂತಿರುತ್ತದೆ, ಗರ್ಭ ಹೊರುವವರ ವಯಸ್ಸಿನ ಮೇಲೆ ಅಷ್ಟಾಗಿ ಅಲ್ಲ. 44ರ ಗರ್ಭಕೋಶ 26ರ ಅಂಡಾಣುವಿನ ಭ್ರೂಣವನ್ನು ಚೆನ್ನಾಗಿಯೇ ಹೊರುತ್ತದೆ, ಬಿಪಿ, ಸಕ್ಕರೆ ಕಾಯಿಲೆಯ ಮೇಲೆ ಕಣ್ಣಿಡಬೇಕು ಅಷ್ಟೇ. ಇಂಥ ಚಿಕಿತ್ಸೆಗಳಿಗೆಂದೇ ಇರುವ 2021ರ ಎಆರ್‌ಟಿ ಕಾಯ್ದೆಯ ಪ್ರಕಾರ ದಾನಿಗೆ 23ರಿಂದ 35 ವರ್ಷ ಆಗಿರಬೇಕು, ಚಿಕಿತ್ಸೆ ಪಡೆಯುವ ಹೆಂಗಸಿಗೆ 50 ತುಂಬಿರಬಾರದು. ಕಣ್ಣೂರಿಗೆ ಹೋದರೂ ಮಂಗಳೂರಿಗೆ ಹೋದರೂ ನಿಯಮ ಒಂದೇ. ಅಂಡಾಣುವಿಗೆ ಸಮಯ ಮುಗಿದ ಮೇಲೂ ಗರ್ಭಕೋಶಕ್ಕೆ ಇನ್ನೂ ಕೆಲವು ವರ್ಷ ಇರುವುದರಿಂದ, ಈ ಎರಡನೇ ದಾರಿಯನ್ನು ಇವತ್ತೇ ನಿರ್ಧರಿಸಬೇಕಾಗಿಲ್ಲ. 38ರಲ್ಲಿ ತಮ್ಮದೇ ಅಂಡಾಣುವಿನಿಂದ ಪ್ರಯತ್ನಿಸಬೇಕು ಎಂದಿರುವವರು ಮಾತ್ರ ಮುಂದಿನ ಸೈಕಲ್ ಅನ್ನು ಬರುವ ವರ್ಷದ ಬೇಸಿಗೆ ರಜೆಗೆ ಎಂದು ದೂಡಬಾರದು.