ಸಂಖ್ಯಾಶಾಸ್ತ್ರ: ಒಂದೇ ಗಾಡಿ ನಂಬರ್, ಮೂರು ಫಲ

ಮೊಬೈಲ್, ಮನೆ, ಗಾಡಿ ನಂಬರ್‌ಗಳ ಅಂಕಿಗಳನ್ನು ಕೂಡಿ, ಬಂದದ್ದನ್ನು ಮತ್ತೆ ಕೂಡಿ, ಒಂದೇ ಅಂಕಿಗೆ ಇಳಿಸುವುದು ಸಂಖ್ಯಾಶಾಸ್ತ್ರದ ಮೊದಲ ಹೆಜ್ಜೆ. ಆ ಅಂಕಿಗೆ ಒಂದು ಗ್ರಹ. 1 ಸೂರ್ಯ, 3 ಗುರು, 4 ರಾಹು, 8 ಶನಿ, ಹೀಗೆ. ಅದು ನಿಮ್ಮ ಹುಟ್ಟಿದ ತಾರೀಖಿನಿಂದ ಬರುವ ಮೂಲಾಂಕಕ್ಕೆ ಹೊಂದಿದರೆ ಒಳ್ಳೆಯದು, ಇಲ್ಲದಿದ್ದರೆ ತೊಂದರೆ ಎನ್ನುವುದು ವಾದ.

ಒಂದು ಗಾಡಿ ನಂಬರ್ ಹಿಡಿದು ನೋಡೋಣ. ಕೊನೆಯ ನಾಲ್ಕು ಅಂಕಿ 5372. ಕೂಡಿದರೆ 17, ಮತ್ತೆ ಕೂಡಿದರೆ 8. ಅಂದರೆ ಶನಿ. ಜನ ಹೆದರುವುದು ಇಲ್ಲೇ ಜಾಸ್ತಿ.

ಆದರೆ ಅಂಕಿಗಳ ಹಿಂದೆ ಎಚ್, ಎಫ್ ಎಂಬ ಅಕ್ಷರಗಳೂ ಇವೆ ಅಂದುಕೊಳ್ಳಿ. ಅವನ್ನೂ ಸೇರಿಸಬೇಕು ಎನ್ನುವವರಿದ್ದಾರೆ. ಅಕ್ಷರಗಳಿಗೆ ಅಂಕಿ ಕೊಡುವ ಕಾಲ್ಡಿಯನ್ ಎಂಬ ಪಟ್ಟಿಯಲ್ಲಿ ಎಚ್‌ಗೆ 5, ಎಫ್‌ಗೆ 8. ಒಟ್ಟು 30, ಇಳಿಸಿದರೆ 3, ಗುರು. ಪೈಥಾಗೋರಿಯನ್ ಪಟ್ಟಿಯಲ್ಲಿ ಎಚ್‌ಗೆ 8, ಎಫ್‌ಗೆ 6. ಒಟ್ಟು 31, ಇಳಿಸಿದರೆ 4, ರಾಹು. ಗಾಡಿ ಅದೇ, ಓಡಿಸುವವರೂ ಅವರೇ, ಫಲ ಮಾತ್ರ ಮೂರು. ಯಾವ ಪಟ್ಟಿ ಸರಿ ಎಂದು ತೀರ್ಮಾನಿಸಲು ಈ ಪದ್ಧತಿಯೊಳಗೆ ಒಂದು ಅಳತೆಗೋಲೂ ಇಲ್ಲ. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಕೊರತೆ. ಮೊಬೈಲ್ ನಂಬರ್‌ನಲ್ಲೂ ಇದೇ ಕಥೆ: ದೇಶದ ಕೋಡ್ ಸೇರಿಸಬೇಕೋ ಬಿಡಬೇಕೋ ಎನ್ನುವುದರ ಮೇಲೆ ಉತ್ತರ ಬದಲಾಗಬಹುದು.

ಇನ್ನು ಆ 8 ಎಲ್ಲಿಂದ ಬಂತು? 5372ನ್ನು 9ರಿಂದ ಭಾಗಿಸಿ ನೋಡಿ, ಉಳಿಯುವುದು 8. ಅಂಕಿ ಕೂಡಿ ಇಳಿಸುವುದು ಎಂದರೆ 9ರಿಂದ ಭಾಗಿಸಿ ಶೇಷ ನೋಡುವುದು, ಅಷ್ಟೇ. ಶೇಷ ಉಳಿಯದಿದ್ದರೆ 9 ಎಂದು ಬರೆಯುತ್ತಾರೆ. ನಾವು ಹತ್ತರ ಲೆಕ್ಕದಲ್ಲಿ ಸಂಖ್ಯೆ ಬರೆಯುವುದರಿಂದ ಹೀಗಾಗುತ್ತದೆ. ಹಾಗಾಗಿ 1ರಿಂದ 90ರವರೆಗೆ ಮನೆಗಳಿರುವ ಬೀದಿಯಲ್ಲಿ 8, 17, 26, 35 ಹೀಗೆ ಸರಿಯಾಗಿ ಹತ್ತು ಮನೆಗಳಿಗೆ 8 ಬಂದೇ ಬರುತ್ತದೆ.

ಪರೀಕ್ಷಿಸಬೇಕಾದದ್ದು ಆ ಹತ್ತು ಮನೆಗಳನ್ನೇ. ಕಷ್ಟ ಎಂದರೆ ಏನು, ಎಷ್ಟು ವರ್ಷದೊಳಗೆ ಎನ್ನುವುದನ್ನು ಮೊದಲೇ ಬರೆದಿಡಿ. ಆಮೇಲೆ ಉಳಿದ 80 ಮನೆಗಳನ್ನೂ ಅದೇ ಪ್ರಶ್ನೆಯಿಂದ ಕೇಳಿ. ಕೇಳುವವರಿಗೆ ಮನೆ ನಂಬರ್ ಗೊತ್ತಿರಬಾರದು. ನಾವು ಸಾಮಾನ್ಯವಾಗಿ ಮಾಡುವುದು ಉಲ್ಟಾ ಅಲ್ವಾ? ಅಪಘಾತವಾದ ಮೇಲೆ ನಂಬರ್ ಕೂಡಿ ನೋಡುತ್ತೇವೆ. 8 ಬಂದರೆ ನೆನಪಿಡುತ್ತೇವೆ, 6 ಬಂದರೆ ಸುಮ್ನೆ ಮರೆಯುತ್ತೇವೆ. ಒಂದು ಬೀದಿಯ ಲೆಕ್ಕದಿಂದ ಎಲ್ಲ ತೀರ್ಮಾನವಾಗದು, ಆದರೆ ನೆನಪಿನ ಈ ಮೋಸ ತಪ್ಪುತ್ತದೆ.

ಫಲ ಕೇಳಿ ಮೊಬೈಲ್ ನಂಬರ್ ಬದಲಿಸುವವರು ಒಂದು ವಿಷಯ ಗಮನಿಸಿ. ಬಿಟ್ಟ ನಂಬರ್ ಕೆಲವು ಕಾಲದ ನಂತರ ಬೇರೆಯವರ ಕೈಗೆ ಹೋಗಬಹುದು. ಬ್ಯಾಂಕಿನಲ್ಲಿ ಅದೇ ನಂಬರ್ ಉಳಿದಿದ್ದರೆ ನಿಮ್ಮ ಒಟಿಪಿ ಅವರ ಫೋನಿಗೆ ಬರುತ್ತದೆ. ಬದಲಿಸಲೇಬೇಕು ಎಂದಿದ್ದರೆ, ಹೊಸ ನಂಬರನ್ನು ಬ್ಯಾಂಕಿಗೆ ಕೊಟ್ಟು ಖಾತ್ರಿ ಮಾಡಿಕೊಂಡ ಮೇಲೆಯೇ ಹಳೆಯದನ್ನು ಬಿಡಿ.